ಟ್ರೇಸಿಂಗ್ ಶೆಡ್ಡಿನಲ್ಲಿ ಮೊದಲ ವಾರ

ಅಥವಾ ಆ ಮಾತನ್ನು ಅವರು ಹೇಳಲೇ ಇಲ್ಲವೋ ಏನೋ. "ಏನೇ ಬೇಕಾದ್ರೂ ಸಂಕೋಚ ಪಟ್ಕೋಬೇಡಿ ಅಮ್ಮಾ, ಕೇಳಿ" ಎಂದು ನಮ್ಮ ಹೆಡ್ ಡ್ರಾಫ್ಟ್ಸ್‌ಮನ್ ನನ್ನ ಮೊದಲ ದಿನ ಹೇಳಿದರು ಎಂದು ನಾನು ಎಷ್ಟೋ ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಮಾತು ನಯವಾಗಿಬಿಟ್ಟಿದೆ. ಈಗ ಬರೆಯಲು ಕೂತಾಗ ಅನುಮಾನ ಹುಟ್ಟುತ್ತದೆ: ನನ್ನ ಸಿಟ್ಟಿಗೆ ಇಷ್ಟು ಚೆನ್ನಾಗಿ ಹೊಂದುವ ಮಾತನ್ನು ಅವರೇ ಆಡಿದರೇ, ಇಲ್ಲ ಸಿಟ್ಟು ಆಮೇಲೆ ಅದನ್ನು ತನ್ನ ಅಳತೆಗೆ ಹೊಲಿಸಿಕೊಂಡಿತೇ?

ಅನುಮಾನವಿಲ್ಲದ್ದನ್ನು ಮೊದಲು ಬರೆಯುತ್ತೇನೆ. ಜಯನಗರದ ಬ್ಲಾಕುಗಳು ಇನ್ನೂ ಕಲ್ಲು ನೆಟ್ಟ ಬಯಲಾಗಿದ್ದಾಗ, ಆ ಬಯಲಿನ ನಡುವೆ ಕಲ್ನಾರಿನ ಛಾವಣಿಯ ಒಂದು ಶೆಡ್ಡಿತ್ತು. ಬಡಾವಣೆಯ ರಸ್ತೆ, ನೀರಿನ ಕೊಳವೆ, ಒಳಚರಂಡಿಯ ನಕ್ಷೆಗಳು ಅಲ್ಲಿ ತಯಾರಾಗುತ್ತಿದ್ದವು. ಡ್ರಾಫ್ಟ್ಸ್‌ಮನ್ನರು ಪೆನ್ಸಿಲಿನಲ್ಲಿ ಬರೆದದ್ದರ ಮೇಲೆ ಅಡಿಯ ಗೆರೆ ಕಾಣುವಂಥ ಟ್ರೇಸಿಂಗ್ ಬಟ್ಟೆ ಹಾಸಿ ಶಾಯಿಯಲ್ಲಿ ಎಳೆಯುವುದು ಟ್ರೇಸರ್ ಕೆಲಸ. ಆ ಕೆಲಸಕ್ಕೆ ಶೆಡ್ಡಿಗೆ ಬಂದ ಮೊದಲ ಹೆಂಗಸು ನಾನು. ತಂದೆ ತೀರಿಕೊಂಡಿದ್ದರು, ತಮ್ಮಂದಿರು ಓದುತ್ತಿದ್ದರು, ಬಸವನಗುಡಿಯ ಬಾಡಿಗೆ ಮನೆ ನನ್ನ ಸಂಬಳವನ್ನು ಕಾಯುತ್ತಿತ್ತು. ನೇಮಕ ತಾತ್ಕಾಲಿಕ. ಮೊದಲ ವಾರ ಮುಗಿದ ಮೇಲೆ ಹೆಡ್ ಡ್ರಾಫ್ಟ್ಸ್‌ಮನ್ ಮುಖ್ಯ ಕಚೇರಿಗೆ ಒಂದು ವರದಿ ಕಳಿಸಬೇಕು: ಈ ಹೆಣ್ಣುಮಗಳು ಸೀಟಿನಲ್ಲಿ ಕೂತು ಕೆಲಸ ಮಾಡುತ್ತಾಳೆಯೇ, ಇಲ್ಲವೇ. ಇದನ್ನು ಅವರೇ ಮೊದಲ ದಿನ ಎಲ್ಲರೆದುರಿಗೆ ಹೇಳಿದರು, ನಗುತ್ತಾ.

ಸ್ವಾಗತದ ಪದ್ಧತಿ ಆ ಶೆಡ್ಡಿನಲ್ಲಿ ಗಟ್ಟಿಯಾಗಿತ್ತು. ಹೊಸಬರು ಬಂದ ದಿನ ಎಲ್ಲರೂ ಪೆನ್ನು ಕೆಳಗಿಟ್ಟು ಮೇಜುಗಳ ನಡುವಿನ ಜಾಗದಲ್ಲಿ ನಿಲ್ಲಬೇಕು. ಹೆಡ್ ಡ್ರಾಫ್ಟ್ಸ್‌ಮನ್ ಒಬ್ಬೊಬ್ಬರನ್ನೇ ಪರಿಚಯ ಮಾಡಿಸುತ್ತಾರೆ, ಅವರ ಊರು, ಅವರ ಮೇಜು, ಅವರು ಬರೆಯುವ ನಕ್ಷೆ. ಇವರು ಮಂಡ್ಯ ಕಡೆಯವರು, ಕಿಟಕಿ ಮೇಜು, ರಸ್ತೆ. ಇವರು ತುಮಕೂರು, ಬೀರು ಪಕ್ಕ, ನೀರು. ಪ್ರತಿಯೊಬ್ಬರೂ ಕೈಮುಗಿದು ತಲೆ ಬಗ್ಗಿಸಿದರು. ನನ್ನ ಪಕ್ಕದ ಮೇಜಿನ ಟ್ರೇಸರ್ ಸರದಿ ಬಂದಾಗ ಅವರು "ಇವರದು ಒಳಚರಂಡಿ" ಎಂದರು. ಆತ "ಹುಟ್ಟಿದಾಗಿನಿಂದಾನೂ ಅದೇ ಸಾರ್" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು.

ಆಮೇಲೆ ವಾರದ ವಿವರಗಳು. ಹಾಜರಿ ಪುಸ್ತಕ ಅವರ ಮೇಜಿನ ಮೇಲಿರುತ್ತದೆ, ತಡವಾದರೆ ಒಳಗೆ ಹೋಗುತ್ತದೆ, ಕೆಂಪು ಗುರುತು ಬೀಳುತ್ತದೆ. ಬಟ್ಟೆಯ ಸುರುಳಿಯನ್ನು ಅವರನ್ನು ಕೇಳಿಯೇ ಬೀರುವಿನಿಂದ ತೆಗೆಯಬೇಕು. ಶಾಯಿ ಹಾಕುವ ಮೊದಲು ಸೀಮೆಸುಣ್ಣದ ಪುಡಿ ಸವರಿ ಒರೆಸಬೇಕು, ಇಲ್ಲದಿದ್ದರೆ ಗೆರೆ ಒಡೆಯುತ್ತದೆ. ಬಟ್ಟೆಗೆ ಗಂಜಿ ಹಾಕಿರುತ್ತಾರೆ. ಒಂದು ಹನಿ ನೀರು ಬಿದ್ದರೂ ಬಿಳಿ ಕಲೆ, ಇಡೀ ಹಾಳೆ ಹೋಯಿತು, ಆದ್ದರಿಂದ ಮೇಜಿನ ಹತ್ತಿರ ಲೋಟ ತರುವ ಹಾಗಿಲ್ಲ. ನೀರಿನ ಗಡಿಗೆ ಬಾಗಿಲ ಬಳಿ. ಬಸ್ಸು ದೂರದಲ್ಲೇ ನಿಲ್ಲುತ್ತದೆ, ಸಂಜೆ ಒಬ್ಬರೇ ನಡೆಯಬೇಡಿ, ಯಾರಾದರೂ ಜೊತೆಗೆ ಬರುತ್ತಾರೆ. ಊಟದ ಹೊತ್ತಿಗೆ ಬೀರುವಿನ ಹಿಂದೆ ನನಗಾಗಿ ಒಂದು ಸ್ಟೂಲು ಹಾಕಿಸಿದ್ದರು, ಗಂಡಸರ ನಡುವೆ ಕೂತು ತಿನ್ನುವ ಮುಜುಗರ ಬೇಡವೆಂದು. ಎಷ್ಟು ಯೋಚಿಸಿದ್ದರು! ಅದನ್ನು ನೆನೆದಾಗಲೇ ನನಗೆ ಹೆಚ್ಚು ಸಿಟ್ಟು ಬರುವುದು.

ಒಂದು ವಿಷಯ ಬಿಟ್ಟುಹೋಗಿತ್ತು. ಶೆಡ್ಡಿಗೆ ಕಕ್ಕಸು ಇರಲಿಲ್ಲ.

ಗಂಡಸರು ಶೆಡ್ಡಿನ ಹಿಂದೆ, ಜಲ್ಲಿಯ ರಾಶಿಯ ಆಚೆ ಹೋಗಿ ಬರುತ್ತಿದ್ದರು. ಅದು ಅವರಿಗೆ ಸ್ಥಳವೂ ಅಲ್ಲ, ವಿಷಯವೂ ಅಲ್ಲ. ಸುತ್ತ ಕಣ್ಣು ಹಾಯುವಷ್ಟು ದೂರ ಮೊಣಕಾಲೆತ್ತರದ ಸೈಟ್ ಕಲ್ಲುಗಳು. ಒಂದು ಮರವಿಲ್ಲ, ಒಂದು ಗೋಡೆಯಿಲ್ಲ. ಮರಗಳೆಲ್ಲ ನಕ್ಷೆಯಲ್ಲಿದ್ದವು, ರಸ್ತೆಯ ಎರಡೂ ಬದಿಗೆ ಸಣ್ಣ ಸೊನ್ನೆಗಳಾಗಿ.

ಮೊದಲ ದಿನ ನೀರು ಕುಡಿಯದೆ ಕಳೆದೆ. ಎರಡನೆಯ ದಿನವೂ. ಜವಾನ ಒಳ್ಳೆಯ ಮನುಷ್ಯ, ಅದೇ ಕಷ್ಟವಾಯಿತು. "ಮಿಸ್, ಬೆಳಿಗ್ಗೆಯಿಂದ ಒಂದು ಗುಟುಕೂ ಇಳಿದಿಲ್ಲ ನಿಮ್ಗೆ. ಈ ಛಾವಣಿ ಕೆಳಗೆ ಹಪ್ಪಳ ಆಗೋಗ್ತೀರ" ಎಂದು ಲೋಟ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ.

"ಬಾಯಾರಿಕೆ ಇಲ್ಲಪ್ಪ."

"ನೀರು ಚೆನ್ನಾಗಿದೆ ಮಿಸ್, ಬಾವೀದು. ಸಾರ್ ಕೂಡ ಇದೇ ಕುಡಿಯೋದು."

ಮೂರನೆಯ ದಿನ ತಲೆ ಸುತ್ತಿ ಗೆರೆ ಹಳಿ ತಪ್ಪಿತು. ಒಣಗಿದ ಗೆರೆಯನ್ನು ಬ್ಲೇಡಿನಲ್ಲಿ ಕೆರೆದು ತೆಗೆಯುತ್ತಾ, ಇನ್ನು ಆಗದು ಎಂದುಕೊಂಡು ಎದ್ದೆ. ಬೈರಸಂದ್ರದ ಕಡೆಗೆ ನಡೆದೆ. ಹಳ್ಳಿಯ ಮೊದಲ ಮನೆಯ ಮುಂದೆ ಒಬ್ಬ ಹೆಂಗಸು ರಾಗಿ ಕೇರುತ್ತಿದ್ದಳು. ಕೇಳಿದೆ. ಏನೆಂದು ಕೇಳಿದೆನೋ ನೆನಪಿಲ್ಲ. ಅವಳ ಉತ್ತರ ನೆನಪಿದೆ.

"ನಮ್ಮನೇಲಿ ಕಕ್ಕಸ್ಸೆಲ್ಲೈತವ್ವಾ? ನಾವು ಕತ್ಲಲ್ಲೇ ಹೊಲದ್ ಕಡೀಕೆ ಹೋಗಿ ಬಂದ್‌ಬಿಡ್ತೀವಿ. ಹೊಲಾನೂ ಈಗ ನಿಮ್ಮೋರು ಕಲ್ಲು ನೆಟ್ಟು ತಗೊಂಡ್ರು." ಮೊರ ಕೆಳಗಿಟ್ಟಳು. "ಬಚ್ಚಲೈತೆ. ಬಾ."

ಬಚ್ಚಲಿಗೆ ತಡಿಕೆಯ ಮರೆ ಇತ್ತು. ಹೊರಗೆ ಬಂದಾಗ ಅವಳು ಒಂದು ಚೊಂಬು ಮಜ್ಜಿಗೆ ಕೊಟ್ಟಳು. ಕುಡಿದೆ. ಕುಡಿದರೆ ಮತ್ತೆ ಬರಬೇಕಾಗುತ್ತದೆ ಎಂದು ಕುಡಿದ ಮೇಲೆ ಹೊಳೆಯಿತು.

ಹೋಗಿ ಬರುವುದಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು. ಅಂದಿನಿಂದ ದಿನಕ್ಕೊಮ್ಮೆ, ಕೆಲವೊಮ್ಮೆ ಎರಡು ಸಲ ಹೋದೆ. ನಾನು ಹೋಗುವುದನ್ನು ಎಲ್ಲರೂ ನೋಡುತ್ತಿದ್ದರು, ಯಾರೂ ಏನೂ ಕೇಳಲಿಲ್ಲ. ಪಕ್ಕದ ಮೇಜಿನವನು ಮಾತ್ರ, ನಾನು ಬಂದು ಕೂತಾಗ ತಲೆ ಎತ್ತದೆ, "ಮಿಸ್‌ಗೆ ಹಳ್ಳೀಲಿ ನೆಂಟ್ರು ಇದಾರೆ ಅಂತ ಕಾಣತ್ತೆ" ಎಂದ. ಕಿಟಕಿ ಮೇಜಿನಿಂದ ನಗು ಬಂತು. ಹೆಡ್ ಡ್ರಾಫ್ಟ್ಸ್‌ಮನ್ ನಗಲಿಲ್ಲ. ಸಂಜೆ ನನ್ನ ಹಾಳೆಯ ಮೇಲೆ ಬಗ್ಗಿ ನೋಡಿದರು.

"ಗೆರೆ ಚೆನ್ನಾಗಿದೆ ಅಮ್ಮಾ. ಕೈ ಒಳ್ಳೇದು. ಆದ್ರೆ ಸೀಟಲ್ಲಿ ಕಾಣೋದೇ ಇಲ್ವಲ್ಲ ನೀವು. ವರದೀಲಿ ಏನು ಬರೀಲಿ ನಾನು?"

ಹೇಳಬಹುದಿತ್ತು. ಆದರೆ ಆ ಪದವನ್ನು ಆ ವಯಸ್ಸಿನ ಗಂಡಸಿನ ಮುಂದೆ ನಾನು ಅದುವರೆಗೆ ಆಡಿರಲಿಲ್ಲ, ನಮ್ಮ ಮನೆಯಲ್ಲಿ ತಂದೆಯ ಮುಂದೆಯೂ ಆಡುತ್ತಿರಲಿಲ್ಲ. "ಸರಿ ಮಾಡ್ಕೋತೀನಿ ಸಾರ್" ಎಂದೆ. ಏನನ್ನು ಸರಿಮಾಡಿಕೊಳ್ಳಲಿ? ಮೂತ್ರಕೋಶವನ್ನೇ? ಬಸ್ಸಿನಲ್ಲಿ ಕೂತು ಬಸವನಗುಡಿಯವರೆಗೂ ಹಲ್ಲು ಕಚ್ಚಿಕೊಂಡಿದ್ದೆ. ಅಮ್ಮ "ಹೇಗಿದೆ ಕೆಲಸ?" ಎಂದಾಗ "ಎಲ್ಲರೂ ತುಂಬಾ ಒಳ್ಳೆಯವರು" ಎಂದೆ. ಅದು ನಿಜವಾಗಿತ್ತು, ಅದಕ್ಕೇ ರೇಗಿತು.

ಶನಿವಾರ ಅರ್ಧ ದಿನ. ಕೆಲಸ ಮುಗಿಯುವ ಮುಂಚೆ ಸ್ವಾಗತದ ಎರಡನೆಯ ಭಾಗ: ಹೊಸಬರ ಲೆಕ್ಕದಲ್ಲಿ ಎಲ್ಲರಿಗೂ ಕಾಫಿ, ಬನ್ನು. ಜವಾನ ದೊಡ್ಡ ಕೂಜೆಯಲ್ಲಿ ಕಾಫಿ ತಂದ. ಎಲ್ಲರೂ ಮತ್ತೆ ಮೇಜುಗಳ ನಡುವೆ ನಿಂತರು. ಪದ್ಧತಿಯ ಪ್ರಕಾರ ಹೆಡ್ ಡ್ರಾಫ್ಟ್ಸ್‌ಮನ್ ಹೊಸಬರನ್ನು, "ವಾರ ಹೇಗಾಯ್ತು? ಏನಾದ್ರೂ ತಿಳೀದೆ ಇರೋದು ಇದ್ರೆ ಕೇಳಿ" ಎನ್ನಬೇಕು, ಹೊಸಬರು "ಏನಿಲ್ಲ ಸಾರ್, ಎಲ್ಲಾ ಚೆನ್ನಾಗಿದೆ" ಎನ್ನಬೇಕು.

ನನ್ನ ಮೇಜಿನ ಮೇಲೆ ಆ ವಾರವಿಡೀ ನಾನು ಎಳೆದ ಹಾಳೆ ಹಾಸಿತ್ತು. ಒಳಚರಂಡಿಯದು. ರಸ್ತೆ ನಡುವೆ ದಪ್ಪ ಗೆರೆ, ಗೆರೆಯ ಮೇಲೆ ಮ್ಯಾನ್‌ಹೋಲಿನ ದುಂಡು, ದಪ್ಪ ಗೆರೆಯಿಂದ ಪ್ರತಿ ಸೈಟಿಗೂ ಒಂದು ಸಣ್ಣ ಗೆರೆ. ಅಲ್ಲಿ ಇನ್ನೂ ಯಾರೂ ಮನೆ ಕಟ್ಟಿರಲಿಲ್ಲ. ಹುಟ್ಟದ ಮನೆಗಳ ಕಕ್ಕಸುಗಳಿಗೆಲ್ಲ ನಾನು ದಾರಿ ಎಳೆದಿದ್ದೆ.

"ಒಂದು ಸಂದೇಹ ಇದೆ ಸಾರ್" ಎಂದೆ.

"ಕೇಳಿ, ಕೇಳಿ."

"ಈ ಶೀಟಲ್ಲಿ ಪ್ರತಿ ಸೈಟಿಗೂ ಒಂದು ಕನೆಕ್ಷನ್ ಇದೆ. ನಮ್ಮ ಶೆಡ್ಡು ಇರೋ ಜಾಗದಲ್ಲಿ ಏನೂ ಇಲ್ಲ. ಬಿಟ್ಟುಹೋಗಿದೆಯಾ?"

ಅವರು ಕನ್ನಡಕ ಏರಿಸಿ ಹಾಳೆ ನೋಡಿದರು. ಕಾಳಜಿಯಿಂದ, ನಿಧಾನವಾಗಿ ನೋಡಿದರು. "ಬಿಟ್ಟಿಲ್ಲಮ್ಮಾ. ಇದು ಟೆಂಪರರಿ ಶೆಡ್ಡು. ಲೇಔಟ್ ಮುಗಿದ ಮೇಲೆ ಕಿತ್ತಾಕ್ತಾರೆ. ಇಂಥದಕ್ಕೆ ಕನೆಕ್ಷನ್ ತೋರಿಸೋ ಹಾಗಿಲ್ಲ."

"ಅಲ್ಲೀವರೆಗೂ ನಾನೇನು ಮಾಡ್ಲಿ ಸಾರ್?"

ಕಾಫಿ ಲೋಟಗಳು ನಿಂತವು. ಪಕ್ಕದ ಮೇಜಿನವನು ಬನ್ನನ್ನು ಬಾಯಲ್ಲಿಟ್ಟುಕೊಂಡೇ ನೆಲ ನೋಡಿದ. ಜವಾನ ನನ್ನನ್ನು ನೋಡಿದ, ಬಾಗಿಲ ಬಳಿಯ ಗಡಿಗೆಯನ್ನು ನೋಡಿದ, ತಿರುಗಿ ನನ್ನನ್ನು ನೋಡಿದ. ಹೆಡ್ ಡ್ರಾಫ್ಟ್ಸ್‌ಮನ್ ಕನ್ನಡಕ ತೆಗೆದು ಒರೆಸಿದರು, ಒರೆಸುತ್ತಲೇ ಇದ್ದರು.

"ಇದನ್ನ ಯಾರೂ ಹೇಳಲಿಲ್ವೇನಯ್ಯಾ?" ಎಂದು ಕೊನೆಗೆ ಎಲ್ಲರನ್ನೂ ಕೇಳಿದರು. ಯಾರು ಯಾರಿಗೆ ಹೇಳಬೇಕಿತ್ತು? ಅವರು "ಇಂಡೆಂಟ್ ಕಳಿಸಬೇಕು, ಮಂಜೂರಾತಿ ಮೇಲಿಂದ ಬರಬೇಕು" ಎಂದು ತಮಗೇ ಹೇಳಿಕೊಂಡು ಲೋಟ ಕೆಳಗಿಟ್ಟರು. ಸ್ವಾಗತ ಮುಗಿಯಿತು.

ಇಲ್ಲಿ ನಿಲ್ಲಿಸಿದರೆ ಚೆನ್ನಾಗಿರುತ್ತಿತ್ತು, ನಾನು ಗೆದ್ದ ಹಾಗೆ ಕಾಣುತ್ತಿತ್ತು. ಆದರೆ ಸೋಮವಾರ ಏನೂ ಬದಲಾಗಿರಲಿಲ್ಲ, ನಾನು ಬೈರಸಂದ್ರಕ್ಕೆ ನಡೆದೆ. ಬದಲಾದದ್ದು ಒಂದೇ, ನಾನು ಎದ್ದಾಗ ಈಗ ಎಲ್ಲರಿಗೂ ಕಾರಣ ಗೊತ್ತಿತ್ತು, ಎಲ್ಲರೂ ಒಟ್ಟಿಗೆ ಹಾಳೆಯ ಮೇಲೆ ಬಗ್ಗುತ್ತಿದ್ದರು. ಹಿಂದಿನ ವಾರದ ನಗುವೇ ಇದಕ್ಕಿಂತ ವಾಸಿ ಅನ್ನಿಸುತ್ತಿತ್ತು. ಪಕ್ಕದ ಮೇಜಿನವನು ಒಂದೂ ಜೋಕು ಮಾಡಲಿಲ್ಲ. ಜವಾನ ನೀರು ಕುಡೀರಿ ಎನ್ನುವುದನ್ನು ಬಿಟ್ಟ.

ಹೀಗೇ ಕೆಲವು ವಾರಗಳು ಕಳೆದ ಮೇಲೆ, ಒಂದು ಬೆಳಿಗ್ಗೆ ಶೆಡ್ಡಿನ ಹಿಂದೆ ತಗಡಿನ ಮರೆಯೊಂದು ಎದ್ದಿತ್ತು. ಒಳಗೆ ಗುಂಡಿ, ಕಲ್ಲು, ಬಕೆಟ್ಟು. ಬಾಗಿಲಿಗೆ ಒಳಗಿನಿಂದ ಚಿಲಕ. ನಾನು ಒಳಗೆ ಹೋಗಿ ಚಿಲಕ ಹಾಕಿ ಸುಮ್ಮನೆ ನಿಂತಿದ್ದೆ. ಆ ದಿನ ಗಡಿಗೆಯ ನೀರನ್ನು ಎಲ್ಲರೆದುರಿಗೂ ಎರಡು ಲೋಟ ಕುಡಿದೆ.

ಅದೇ ದಿನ ಮಧ್ಯಾಹ್ನ ದೊಡ್ಡ ಇಂಜಿನಿಯರು ತಪಾಸಣೆಗೆ ಬಂದರು. ಅವರ ಕಾರಿನಲ್ಲಿ ಅವರ ಹೆಂಡತಿಯೂ ಇದ್ದರು, ತಮಗೆ ಸಿಗುವ ಸೈಟು ನೋಡಲು. ಹೆಡ್ ಡ್ರಾಫ್ಟ್ಸ್‌ಮನ್ ಆಕೆಗೆ, "ತಾವು ಸಂಕೋಚ ಪಟ್ಕೋಬೇಡಿ ಅಮ್ಮಾ, ಹಿಂದುಗಡೆ ವ್ಯವಸ್ಥೆ ಇದೆ" ಎಂದರು. ಇದನ್ನು ನಾನೇ ಕೇಳಿದೆ. ಮೊದಲ ದಿನ ನನಗೆ ಹೇಳಿದರೆಂದು ನಾನು ನಂಬಿರುವ ಮಾತು ಬಹುಶಃ ಇಲ್ಲಿಂದಲೇ ಬಂದಿರಬಹುದು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಆದ್ದರಿಂದ ವರದಿ ಕೆಟ್ಟದ್ದಾಗಿರಲಿಲ್ಲ. ಅದರಲ್ಲಿ ಏನು ಬರೆದಿದ್ದರೋ ನಾನು ನೋಡಿಲ್ಲ. ತಗಡಿನ ಮರೆ ನನ್ನ ಪ್ರಶ್ನೆಗೆ ಬಂತೋ, ಕಾರಿನಲ್ಲಿ ಬಂದವರಿಗಾಗಿ ಬಂತೋ, ಅದೂ ನನಗೆ ಗೊತ್ತಿಲ್ಲ. ಹೆಡ್ ಡ್ರಾಫ್ಟ್ಸ್‌ಮನ್ನರನ್ನು ಕೇಳಬಹುದಾಗಿದ್ದ ವರ್ಷಗಳಲ್ಲಿ ನಾನು ಕೇಳಲಿಲ್ಲ.