ಉಳಿದ ಒಂದು ರೂಮು

ಶಿವಪ್ರಕಾಶ ಪುಣೆಯ ಹೋಟೆಲೊಂದರ ಸ್ವಾಗತ ಕೌಂಟರಿನಲ್ಲಿ ಇಪ್ಪತ್ತು ವರ್ಷ ನಿಂತವನು. ಆ ದಿನ ಮದುವೆಗಳ ಗದ್ದಲ. ಸಂಜೆ ನಾಲ್ಕಕ್ಕೆ ಒಂದೇ ರೂಮು ಉಳಿದಿತ್ತು, ಬರಬೇಕಾದ ಬುಕಿಂಗು ಎರಡು. ಯಾರಾದರೂ ರದ್ದು ಮಾಡಿಯಾರೆಂದು ಮಾಲೀಕರು ಯಾವಾಗಲೂ ಹೆಚ್ಚಿಗೆ ಬುಕಿಂಗು ತೆಗೆದುಕೊಳ್ಳುತ್ತಿದ್ದರು.

ಆಗ ಬಾರಾಮತಿಯಿಂದ ಬಂದ ಗೌರಾಬಾಯಿ, ಅವನು ಕನ್ನಡದವನೆಂದು ತಿಳಿದು ಹಿಗ್ಗಿದರು.

"ತಮ್ಮಾ, ಒಂದ್ ಖೋಲಿ ಕೊಡಪಾ. ನಮ್ಮ ಮನಿಯವ್ರು ಎದುರಿನ ದವಾಖಾನ್ಯಾಗ ಅದಾರ. ಎರಡು ದಿನ ಆತು, ಬೆನ್ನು ನೆಲಕ್ಕ ಹಚ್ಚಿಲ್ಲ."

"ಬುಕಿಂಗ್ ಇದ್ದವ್ರಿಗೇ ರೂಮ್ ಸಾಲವಲ್ದು, ಅಕ್ಕಾರ."

ಅವನು ನೀರು ಕೊಟ್ಟು, ನಾಲ್ಕು ಹೋಟೆಲಿಗೆ ಫೋನು ಮಾಡಿದ. ಮೂರು ಭರ್ತಿಯಾಗಿದ್ದವು. ಕೋಥರೂಡದಲ್ಲಿ ಒಂದು ರೂಮಿತ್ತು, ಆದರೆ ಅಷ್ಟು ದೂರ ಹೋಗಲು ಅವರು ಒಪ್ಪಲಿಲ್ಲ, ಎದ್ದು ಹೋದರು.

ಶಿವಪ್ರಕಾಶ ಕೋಥರೂಡದ ಆ ರೂಮನ್ನೇ ಹಿಡಿದು, ಎರಡು ಬುಕಿಂಗುಗಳಲ್ಲಿ ಒಬ್ಬನೇ ಬರುತ್ತಿದ್ದ ಶಮಂತನಿಗೆ ಫೋನು ಮಾಡಿದ. ಅಲ್ಲಿನ ಬಾಡಿಗೆಯೂ ಟ್ಯಾಕ್ಸಿಯ ಖರ್ಚೂ ತಮ್ಮ ಹೋಟೆಲಿನದು, ಮುಂದಿನ ಸಲ ಒಂದು ರಾತ್ರಿ ಉಚಿತವೆಂದ. "ಪರವಾಗಿಲ್ಲ ಸರ್, ಅಲ್ಲೇ ಹೋಗ್ತೀನಿ" ಎಂದ ಶಮಂತ. ಉಳಿದ ರೂಮು ಎರಡನೆಯ ಬುಕಿಂಗಿನ ಕುಟುಂಬಕ್ಕಾಯಿತು. ಆರಕ್ಕೆ ಆ ಕುಟುಂಬ ಬುಕಿಂಗು ರದ್ದು ಮಾಡಿತು.

ಶಿವಪ್ರಕಾಶ ಕೌಂಟರನ್ನು ಜೊತೆಯವಳಿಗೆ ಒಪ್ಪಿಸಿ ರಸ್ತೆ ದಾಟಿದ. ಗೌರಾಬಾಯಿ ಆಸ್ಪತ್ರೆಯ ಕಂಬಕ್ಕೊರಗಿ ಕುಳಿತಿದ್ದರು.

"ಅಕ್ಕಾರ, ರೂಮ್ ಖಾಲಿ ಆಗ್ಯದ, ಬರ್ರಿ."

ಅವರು ತಲೆ ಎತ್ತಿದರು. "ಈಗ ಹೋದ್ರಪಾ ನಮ್ಮ ಮನಿಯವ್ರು. ಇನ್ನ ಖೋಲಿ ಯಾಕ ಬೇಕು?"

ಅವನು ಅವರ ಮಕ್ಕಳು ಬರುವವರೆಗೂ ಪಕ್ಕದಲ್ಲೇ ಕುಳಿತ.