ಬಿಟ್ಟುಹೋದ ಇನ್‌ಆರ್ಡರ್ ಸಾಲು

ಕುಮಾರಸ್ವಾಮಿ ಲೇಔಟಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಚಿದಾನಂದ್ ಹದಿನಾಲ್ಕು ವರ್ಷದಿಂದ ಅತಿಥಿ ಉಪನ್ಯಾಸಕರು. ಕಂಪ್ಯೂಟರಿನಲ್ಲಿ ಮಾಹಿತಿ ಜೋಡಿಸುವ ಪಾಠವಾದ ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಮೂರು ಸಲ ಫೇಲಾಗಿದ್ದ ಲಿಖಿತಾಗೆ ಇದು ಕೊನೆಯ ಅವಕಾಶ. ಸಂಜೆ ಪದ್ಮನಾಭನಗರದ ಅವರ ಮನೆಗೇ ಬಂದು ಕಲಿಯುತ್ತಿದ್ದಳು. ಅಂದು ಅವರು ಹೇಳಿಕೊಡುತ್ತಿದ್ದುದು, ಕವಲೊಡೆದ ಮರದಂತೆ ಬರೆದ ಅಕ್ಷರಗಳನ್ನು ಸಾಲಾಗಿ ಓದುವ ಎರಡು ಕ್ರಮ.

"ಪ್ರಿಆರ್ಡರ್‌ನಲ್ಲಿ ಮೊದಲು ಮೇಲ್ತುದಿಯ ಬೇರು, ಆಮೇಲೆ ಎಡಗಡೆದೆಲ್ಲ, ಆಮೇಲೆ ಬಲಗಡೆದು. ಇನ್‌ಆರ್ಡರ್‌ನಲ್ಲಿ ಎಡ, ಬೇರು, ಬಲ. ಈಗ ಪ್ರಿಆರ್ಡರ್ ಎ ಬಿ ಡಿ ಸಿ, ಇನ್‌ಆರ್ಡರ್ ಬಿ ಡಿ ಎ ಸಿ. ಮರ ಕಟ್ಟು ನೋಡೋಣ."

"ಪ್ರಿಆರ್ಡರಲ್ಲಿ ಮೊದಲು ಬಂದಿರೋ ಎ ಅನ್ನೋದೇ ಬೇರು, ಸಾರ್. ಇನ್‌ಆರ್ಡರ್‌ನಲ್ಲಿ ಎಗೆ ಮುಂಚೆ ಬಿ, ಡಿ ಇವೆ, ಅವು ಎಡಕ್ಕೆ. ಸಿ ಬಲಕ್ಕೆ. ಎಡಗುಂಪಲ್ಲಿ ಬಿ ಮೊದಲು ಬರತ್ತೆ, ಅದರಡಿ ಡಿ. ಇನ್‌ಆರ್ಡರ್‌ನಲ್ಲಿ ಡಿ, ಬಿ ಆದಮೇಲಿದೆ, ಹಂಗಾಗಿ ಬಲಕ್ಕೆ."

ಅವಳು ಎಲ್ಲೂ ಅಳಿಸದೆ ಮರದ ಚಿತ್ರ ಬರೆದದ್ದನ್ನು ಅವರು ಆ ದಿನ ಮೊದಲ ಸಲ ಕಂಡರು.

ಅವಳ ಪರೀಕ್ಷೆಯ ಪ್ರಶ್ನೆಪತ್ರಿಕೆ ತಯಾರಿಸಿದವರು ಅವರೇ. ಒಂದೇ ಪುಟಕ್ಕೆ ಹೊಂದಿಸುವಾಗ, ಎರಡೂ ಸಾಲು ಕೊಟ್ಟು ಮರ ಕಟ್ಟಿಸುವ ಹತ್ತು ಅಂಕದ ಪ್ರಶ್ನೆಯ ಇನ್‌ಆರ್ಡರ್ ಸಾಲು ಅಳಿಸಿಹೋಯಿತು. ಅವರು ಗಮನಿಸಲಿಲ್ಲ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ನೋಟ್ಸಿನಲ್ಲಿ ಕಂಡಿದ್ದ ಮರವನ್ನೇ ನೆನಪಿನಿಂದ ಬರೆದರು. ಲಿಖಿತಾ ಮಾತ್ರ, "ಪ್ರಿಆರ್ಡರ್ ಒಂದೇ ಕೊಟ್ಟರೆ ಉತ್ತರ ಒಂದೇ ಆಗಲಾರದು" ಎಂದು ಬರೆದು, ಆ ಸಾಲಿಗೆ ಹೊಂದುವ ಎರಡು ಬೇರೆ ಮರ ಬಿಡಿಸಿದಳು. ಹೊರಗಿನಿಂದ ಬಂದ ಮೌಲ್ಯಮಾಪಕರು ಮಾದರಿ ಉತ್ತರದಲ್ಲಿದ್ದ ನೋಟ್ಸಿನ ಮರಕ್ಕೆ ಹೊಂದುತ್ತಿಲ್ಲವೆಂದು ಅವಳಿಗೆ ಸೊನ್ನೆ ಹಾಕಿದರು. ಐದು ಅಂಕ ಸಾಲದೆ ಅವಳು ಫೇಲು.

ಉತ್ತರಪತ್ರಿಕೆಯ ಪ್ರತಿ ನೋಡಿದ ಚಿದಾನಂದ್ ನೇರ ಪ್ರಿನ್ಸಿಪಾಲ್ ಗೌರೀಶಂಕರರ ಕೋಣೆಗೆ ಹೋದರು.

"ತಪ್ಪು ನಂದು ಸಾರ್. ಎ, ಬಿ ಅಂತ ಎರಡೇ ತಗೊಳ್ಳಿ. ಬಿ ಎಡಕ್ಕಿದ್ರೂ ಪ್ರಿಆರ್ಡರ್ ಎ ಬಿ, ಬಲಕ್ಕಿದ್ರೂ ಎ ಬಿ. ಇನ್‌ಆರ್ಡರ್ ನೋಡಿದ್ರೇನೇ ತಿಳಿಯೋದು: ಎಡಕ್ಕಿದ್ರೆ ಬಿ ಎ, ಬಲಕ್ಕಿದ್ರೆ ಎ ಬಿ."

ಗೌರೀಶಂಕರರಿಗೆ ಅರ್ಥವಾಯಿತು. ಅದೇ ಕಷ್ಟವಾಯಿತು. "ಒಪ್ಕೊಂಡ್ರೆ ಎಲ್ರ ಅಂಕನೂ ಮತ್ತೆ ನೋಡ್ಬೇಕು ಚಿದಾನಂದ್. ರಿಸಲ್ಟ್ ಬಂದಾಗಿದೆ. ಸುಮ್ನಿರಿ."

ಚಿದಾನಂದ್ ಸುಮ್ಮನಿರಲಿಲ್ಲ. ತಪ್ಪೊಪ್ಪಿಕೊಂಡು ಪರೀಕ್ಷಾ ವಿಭಾಗಕ್ಕೆ ಬರೆದುಕೊಟ್ಟರು. ಎರಡು ತಿಂಗಳ ನಂತರ, ಪ್ರಕಟವಾದ ಫಲಿತಾಂಶ ಬದಲಿಸಲು ಅವಕಾಶವಿಲ್ಲ ಎಂಬ ಉತ್ತರ ಬಂತು. ಮುಂದಿನ ಸೆಮಿಸ್ಟರಿಗೆ ಅವರನ್ನು ಕರೆಯಲಿಲ್ಲ.

ಲಿಖಿತಾಗೆ ಫೋನು ಮಾಡಿದರು.

"ನಾನು ಬರ್ದಿದ್ದು ಸರಿ ಇತ್ತಾ ಸಾರ್?"

"ಪೂರ್ತಿ ಸರಿ ಇತ್ತಮ್ಮ."

"ನೀವು ಹೇಳ್ಕೊಡದೇ ಇದ್ದಿದ್ರೆ, ನಾನೂ ಎಲ್ರಂಗೆ ನೋಟ್ಸಲ್ಲಿದ್ದ ಮರಾನೇ ಬರ್ದು ಪಾಸಾಗ್ತಿದ್ದೆ ಅಲ್ವಾ?"

ದೂರಿನ ದನಿಯಲ್ಲ; ನಿಜವಾಗಿ ಕೇಳುತ್ತಿದ್ದಳು. ಉತ್ತರಕ್ಕೆ ಕಾಯದೆ ಅವಳೇ ಫೋನಿಟ್ಟಳು. ಆಮೇಲೆ ಎಷ್ಟು ಸಲ ಕರೆದರೂ ತೆಗೆಯಲಿಲ್ಲ. ಚಿದಾನಂದ್ ಆ ವರ್ಷ ಯಾರಿಗೂ ಮನೆಪಾಠ ಹೇಳಲಿಲ್ಲ.