ಮೂರನೇ ವಾರದ ಆರ್ಡರುಗಳು

ಗಲ್ಫಿನ ನಿಜ್ವಾ ಪಟ್ಟಣದಲ್ಲಿ ಹೊಸದಾಗಿ ಬೇಕರಿ ತೆರೆದ ಉಡುಪಿ ಕಡೆಯ ಹೇಝಲಕ್ಕನಿಗೆ ಮೊದಲ ವೆಬ್‌ಸೈಟ್ ಮಾಡಿಕೊಡಲು ಒಪ್ಪಿದೆ. ನಾನು ಇಲ್ಲಿನ ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದವನು; ಪ್ಲಾನ್ ಇಲ್ಲದ ಕೆಲಸ ಕಂಡರೆ ನನಗಾಗುವುದಿಲ್ಲ. ಮೂವತ್ತು ದಿನವನ್ನು ವಾರಗಳಾಗಿ ಹಂಚಿ ಅವರ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಮೊದಲ ವಾರ ಸೈಟಿನ ಹೆಸರು, ಫೋಟೋ, ಬೆಲೆ. ಎರಡನೆಯದರಲ್ಲಿ ಪುಟಗಳು, ಬಲದಿಂದ ಎಡಕ್ಕೆ ಓಡುವ ಅರಬ್ಬಿಯವೂ ಸೇರಿ. ಮೂರನೆಯದರಲ್ಲಿ ಪರೀಕ್ಷೆ. ಕೊನೆಯ ವಾರ ಪರಿಚಯದವರಿಗೆ ತೆರೆದು, ಮೂವತ್ತನೇ ದಿನ ಊರಿಗೆಲ್ಲ.

ಪರೀಕ್ಷೆಗೆಂದು ಗುರುವಾರ ಸಂಜೆ, ಮರುದಿನ ಬೆಳಿಗ್ಗೆ ಹತ್ತಕ್ಕೆ ಬೇಕೆಂದು, ನೆನಪಿಗೆ ಬಂದ ಹೆಸರುಗಳಲ್ಲೆಲ್ಲ ಸುಳ್ಳು ಆರ್ಡರ್ ಹಾಕಿದೆ. ಎಲ್ಲವೂ ಹೇಝಲಕ್ಕನ ಮೊಬೈಲಿಗೆ ತಲುಪಿದವು. ಶುಕ್ರವಾರ ಖುಷಿಯಾಗಿ ಬೇಕರಿಗೆ ಹೋದರೆ ಮೇಜಿನ ಮೇಲೆ ಸಾಲಾಗಿ ಬನ್ನಿನ ಡಬ್ಬಿಗಳು, ಒಂದೊಂದರ ಮೇಲೂ ಒಂದು ಹೆಸರು.

"ಹೇಝಲಕ್ಕ, ಇವು ಪರೀಕ್ಷೆಯವು ಅಂತ ಹೇಳಿದ್ದೆನಲ್ಲ!" ರೇಗಿಬಿಟ್ಟೆ.

"ಗೊತ್ತುಂಟು ಮಾರಾಯ. ಹೆಸರು ಕೊಟ್ಟು ಕೇಳಿದ ಮೇಲೆ ಮಾಡದೆ ಕೂರಲಿಕ್ಕೆ ನನ್ನಿಂದ ಆಗುವುದಿಲ್ಲ. ಹತ್ತಕ್ಕೆ ಅರ್ಧ ಮಾತ್ರ ಆಯಿತು ನೋಡು, ಓವನ್ ಒಂದೇ ಅಲ್ವಾ?"

ಗಂಟೆಗೆ ಇಷ್ಟೇ ಆರ್ಡರ್ ಎಂಬ ಮಿತಿ ನನ್ನ ಪ್ಲಾನಿನಲ್ಲೇ ಇರಲಿಲ್ಲ. ಅಲ್ಲೇ ಕೂತು ಅದನ್ನು ಸೈಟಿಗೆ ಸೇರಿಸಿದೆ.

ಹೊರಡುವಾಗ ಅವರು ಬಿಸಿ ಡಬ್ಬಿಯೊಂದನ್ನು ಕೈಗಿಟ್ಟರು. "ಈ ಸೆವ್ರಿನ್ ಲೋಬೊ ಯಾರು? ಆರುವ ಮೊದಲು ಕೊಟ್ಟು ಬಾ."

ಅದು ಬಜ್ಪೆಯ ಸಮಾಧಿಯಲ್ಲಿ ಮಲಗಿರುವ ನನ್ನ ಅಮ್ಮನ ಹೆಸರು. ಇಷ್ಟು ವರ್ಷದಲ್ಲಿ ಅವಳಿಗೆಂದು ಯಾರೂ ಒಲೆ ಹಚ್ಚಿರಲಿಲ್ಲ.